ನಾಲ್ಕು ದಿಕ್ಕಿಗೂ ಒಂದೇ ಸಜ್ಜಾ ಏಕೆ?

ಕಲಬುರಗಿ, ಮೇ ತಿಂಗಳ ಎರಡನೇ ವಾರ, ಸಂಜೆ 4 ಗಂಟೆ 20 ನಿಮಿಷ. ಪಶ್ಚಿಮದ ರಸ್ತೆಗೆ ಮುಖ ಮಾಡಿದ ಹೊಸ ಮನೆಯೊಂದರ ಹಾಲ್ ಎಂದುಕೊಳ್ಳಿ. ಕಿಟಕಿ ನೆಲದಿಂದ 3 ಅಡಿ ಮೇಲೆ ಶುರುವಾಗಿ 7 ಅಡಿಗೆ ಮುಗಿಯುತ್ತದೆ. ಅದರ ಮೇಲೆ 2 ಅಡಿ ಚಾಚಿದ ಕಾಂಕ್ರೀಟ್ ಸಜ್ಜಾ ಇದೆ. ಮನೆ ಕಟ್ಟಿದ ಗೌಂಡಿ ನಾಲ್ಕೂ ದಿಕ್ಕಿನ ಕಿಟಕಿಗಳಿಗೆ ಅದೇ 2 ಅಡಿಯ ಸಜ್ಜಾ ಹಾಕಿದ್ದಾನೆ, ಊರಿನ ಪದ್ಧತಿಯೇ ಅದು. ಆದರೂ ಬಿಸಿಲು ಒಳಗೆ ಬಂದಿದೆ. ಗೋಡೆಯಿಂದ ನಾಲ್ಕೂವರೆ ಅಡಿ ದೂರದಲ್ಲಿ ಶುರುವಾದ ಬಿಸಿಲ ಪಟ್ಟಿ ಎಂಟೂವರೆ ಅಡಿ ದಾಟಿ, ಸೋಫಾದ ಕಾಲಿನವರೆಗೂ ಚಾಚಿದೆ. ಇನ್ನೊಂದು ಗಂಟೆ ಕಳೆದರೆ ಅದು ನೆಲವನ್ನೆಲ್ಲ ದಾಟಿ ಎದುರು ಗೋಡೆ ಏರುತ್ತದೆ.

ಸಜ್ಜಾ ತನ್ನ ಕೆಲಸ ಮಾಡಿಲ್ಲವೆಂದಲ್ಲ. ಆ ಹೊತ್ತಿಗೆ ಅದು ಕಿಟಕಿಯ ಮೇಲ್ಭಾಗದ 1.3 ಅಡಿಗೆ ನೆರಳು ಕೊಟ್ಟಿದೆ. ಉಳಿದ 2.7 ಅಡಿ ಬಯಲಿಗೇ ಬಿದ್ದಿದೆ. ಪೂರ್ತಿ ನೆರಳು ಬೇಕಿದ್ದರೆ ಸಜ್ಜಾ 6 ಅಡಿ ಚಾಚಬೇಕಿತ್ತು. 5 ಗಂಟೆ 20 ನಿಮಿಷದವರೆಗೂ ತಡೆಯಬೇಕೆಂದರೆ 11 ಅಡಿಗಿಂತ ಹೆಚ್ಚು. ಅಷ್ಟು ಉದ್ದದ ಸಜ್ಜಾವನ್ನು ಯಾರೂ ಕಟ್ಟುವುದಿಲ್ಲ, ಕಟ್ಟಲೂಬಾರದು. ವಿಚಿತ್ರವೆಂದರೆ ಅದೇ ಮನೆಯ ದಕ್ಷಿಣದ ಕಿಟಕಿಗೆ ಅದೇ 2 ಅಡಿಯ ಸಜ್ಜಾ ಇಡೀ ಬೇಸಿಗೆಗೆ ಸಾಕು. ಈ ವ್ಯತ್ಯಾಸ ಎಲ್ಲಿಂದ ಬಂತು ಎಂಬುದನ್ನು ಒಂದೇ ಹಾಳೆಯಲ್ಲಿ ತೋರಿಸುವುದು ಸೂರ್ಯಪಥ ನಕ್ಷೆ. ವಾಸ್ತುಶಿಲ್ಪಿಗಳು ಸನ್ ಪಾತ್ ಡಯಾಗ್ರಮ್ ಎನ್ನುವುದು ಇದನ್ನೇ.

ನೋಡಲು ಅದು ಜೇಡರಬಲೆಯ ಹಾಗಿರುತ್ತದೆ. ಅಂಗಳದಲ್ಲಿ ಅಂಗಾತ ಮಲಗಿ ಆಕಾಶ ನೋಡಿದಂತೆ ಕಲ್ಪಿಸಿಕೊಂಡರೆ ಓದುವುದು ಸುಲಭ. ಹೊರಗಿನ ದೊಡ್ಡ ವೃತ್ತವೇ ದಿಗಂತ, ನಡುವಿನ ಚುಕ್ಕೆ ನೆತ್ತಿ. ನಡುವೆ ಒಂದರೊಳಗೊಂದು ಇರುವ ವೃತ್ತಗಳು ಸೂರ್ಯ ದಿಗಂತದಿಂದ ಎಷ್ಟು ಡಿಗ್ರಿ ಮೇಲಿದ್ದಾನೆ ಎಂದು ಹೇಳುತ್ತವೆ. ವೃತ್ತದ ಅಂಚಿನ ಸುತ್ತ ಬರೆದ ಅಂಕಿಗಳು ಅವನು ಯಾವ ದಿಕ್ಕಿನಲ್ಲಿದ್ದಾನೆ ಎಂಬುದನ್ನು ಹೇಳುತ್ತವೆ. ಪೂರ್ವದಿಂದ ಪಶ್ಚಿಮಕ್ಕೆ ಬಿಲ್ಲಿನಂತೆ ಬಾಗಿದ ಏಳು ಗೆರೆಗಳು ತಿಂಗಳುಗಳದ್ದು. ಜೂನ್ 21 ಒಂದು ಕೊನೆಯ ಬಿಲ್ಲು, ಡಿಸೆಂಬರ್ 21 ಇನ್ನೊಂದು ಕೊನೆಯದು. ನಡುವಿನ ಐದೂ ಎರಡೆರಡು ತಿಂಗಳಿಗೆ ಸೇರಿದವು. ಆ ಬಿಲ್ಲುಗಳನ್ನು ಅಡ್ಡ ಕತ್ತರಿಸುವ ಗೆರೆಗಳು ಗಂಟೆಗಳು. ತಿಂಗಳ ಗೆರೆಯೂ ಗಂಟೆಯ ಗೆರೆಯೂ ಕೂಡುವ ಜಾಗದಲ್ಲಿ ಬೆರಳಿಟ್ಟರೆ ಆ ಹೊತ್ತಿನ ಸೂರ್ಯ ಅಲ್ಲಿದ್ದಾನೆ ಎಂದರ್ಥ.

ಈ ನಕ್ಷೆ ಊರಿನ ಅಕ್ಷಾಂಶಕ್ಕೆ ಕಟ್ಟಿಕೊಂಡದ್ದು. ದೆಹಲಿಯದ್ದನ್ನೋ ಲಂಡನ್ನಿನದ್ದನ್ನೋ ತಂದು ಕಲಬುರಗಿಗೆ ಹಾಸಿದರೆ ಕೆಡುತ್ತದೆ. ಕಲಬುರಗಿ ಇರುವುದು ಉತ್ತರ ಅಕ್ಷಾಂಶ 17.3 ಡಿಗ್ರಿಯಲ್ಲಿ, ಅಂದರೆ ಕರ್ಕಾಟಕ ವೃತ್ತದ ಒಳಗೆ. ಹಾಗಾಗಿ ಇಲ್ಲಿ ಸೂರ್ಯ ವರ್ಷಕ್ಕೆರಡು ಸಲ ನೆತ್ತಿ ದಾಟುತ್ತಾನೆ, ಮೇ 8ರ ಆಸುಪಾಸಿನಲ್ಲೊಮ್ಮೆ, ಆಗಸ್ಟ್ 4ರ ಆಸುಪಾಸಿನಲ್ಲೊಮ್ಮೆ. ಈ ಎರಡು ದಿನಗಳ ನಡುವಿನ ಸುಮಾರು ಮೂರು ತಿಂಗಳು ನಡುಹಗಲ ಸೂರ್ಯ ಉತ್ತರಕ್ಕಿರುತ್ತಾನೆ. ‘ಸೂರ್ಯ ಯಾವತ್ತೂ ದಕ್ಷಿಣಕ್ಕೇ, ಉತ್ತರಕ್ಕೆ ಬಿಸಿಲೇ ಇಲ್ಲ’ ಎಂಬ ಮಾತು ತಂಪು ದೇಶಗಳ ಪುಸ್ತಕಗಳಿಂದ ಬಂದದ್ದು; ಕರ್ನಾಟಕದ ಯಾವ ಊರಿಗೂ ಅದು ಹೊಂದುವುದಿಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರ ಶಾಲಾ ಮಕ್ಕಳು ‘ಶೂನ್ಯ ನೆರಳಿನ ದಿನ’ ಆಚರಿಸುವಾಗ ನೋಡುವುದೂ ಇದನ್ನೇ, ದಕ್ಷಿಣಕ್ಕಿರುವ ಊರಾದ್ದರಿಂದ ಅಲ್ಲಿ ಎರಡು ವಾರ ಮೊದಲೇ ಬರುತ್ತದೆ, ಅಷ್ಟೆ.

ನಕ್ಷೆ ಓದುವಾಗ ಹೊಸಬರು ಎಡವುವುದು ಗಡಿಯಾರದಲ್ಲಿ. ನಕ್ಷೆಯ ಗಂಟೆ ಸಾಮಾನ್ಯವಾಗಿ ಸೂರ್ಯನ ಗಂಟೆ. ಅವನು ನಡು ಆಕಾಶಕ್ಕೆ ಬಂದಾಗ 12. ಕೈಗಡಿಯಾರ ಮಾತ್ರ 82.5 ಡಿಗ್ರಿ ರೇಖಾಂಶಕ್ಕೆ ಕಟ್ಟುಬಿದ್ದದ್ದು. ಕಲಬುರಗಿ ಅದಕ್ಕಿಂತ ಸುಮಾರು ಐದೂಮುಕ್ಕಾಲು ಡಿಗ್ರಿ ಪಶ್ಚಿಮಕ್ಕಿದೆ, ಡಿಗ್ರಿಗೆ 4 ನಿಮಿಷದಂತೆ ಸೂರ್ಯ ಇಲ್ಲಿಗೆ ತಡವಾಗಿ ಬರುತ್ತಾನೆ. ಇಲ್ಲಿ ನಿಜವಾದ ನಡುಹಗಲು ಆಗುವುದು ಸರಾಸರಿ 12 ಗಂಟೆ 23 ನಿಮಿಷಕ್ಕೆ. ಅದೂ ವರ್ಷವಿಡೀ ಒಂದೇ ಅಲ್ಲ: ನವೆಂಬರ್ ಮೊದಲಲ್ಲಿ 12 ಗಂಟೆ 6 ನಿಮಿಷ, ಫೆಬ್ರವರಿ ನಡುವಲ್ಲಿ 12 ಗಂಟೆ 37 ನಿಮಿಷ. ಮೇಲೆ ಹೇಳಿದ 4 ಗಂಟೆ 20 ನಿಮಿಷ ನಕ್ಷೆಯ ಲೆಕ್ಕದಲ್ಲಿ 4 ಗಂಟೆ. ಆ ದಿನ ಆ ಹೊತ್ತಿಗೆ ಸೂರ್ಯ ದಿಗಂತದಿಂದ 33 ಡಿಗ್ರಿ ಎತ್ತರದಲ್ಲಿ, ನೇರ ಪಶ್ಚಿಮದಿಂದ 10 ಡಿಗ್ರಿ ಉತ್ತರಕ್ಕೆ ಸರಿದು ನಿಂತಿರುತ್ತಾನೆ.

ಇನ್ನು ದಕ್ಷಿಣದ ಗೋಡೆಗೆ ಬರೋಣ. ಇಲ್ಲಿ ಲೆಕ್ಕ ಮನ ಬಿಚ್ಚಿ ಮಾತಾಡುತ್ತದೆ.

ಮಾರ್ಚ್ 21ರಂದು ಸೂರ್ಯ ನೇರ ಪೂರ್ವದಲ್ಲಿ ಹುಟ್ಟಿ ನೇರ ಪಶ್ಚಿಮದಲ್ಲಿ ಮುಳುಗುತ್ತಾನೆ. ನಡುಹಗಲಿಗೆ ಅವನ ಎತ್ತರ 90ರಲ್ಲಿ 17.3 ಕಳೆದರೆ ಉಳಿಯುವ 72.7 ಡಿಗ್ರಿ. ಈಗ ದಕ್ಷಿಣದ ಗೋಡೆಯನ್ನು ಪಕ್ಕದಿಂದ ಸೀಳಿ ನೋಡಿದಂತೆ, ಬಿಸಿಲು ಸಜ್ಜಾದ ಅಂಚನ್ನು ಸವರಿ ಗೋಡೆಗೆ ಎಷ್ಟು ಕಡಿದಾಗಿ ಇಳಿಯುತ್ತದೆ ಎಂದು ಅಳೆಯಬೇಕು. ಆ ದಿನದ ಮಟ್ಟಿಗೆ ಆ ಕೋನ ಬೆಳಿಗ್ಗೆ 8ಕ್ಕೂ 72.7, ನಡುಹಗಲಿಗೂ 72.7, ಸಂಜೆ 5ಕ್ಕೂ 72.7. ಸೂರ್ಯ ಇಳಿದಷ್ಟೇ ಅವನು ಪಕ್ಕಕ್ಕೂ ಸರಿಯುತ್ತಾನೆ. ಒಂದು ಇನ್ನೊಂದನ್ನು ಸರಿಗಟ್ಟುತ್ತದೆ. 4 ಅಡಿಯ ಕಿಟಕಿಯನ್ನು ಆ ಕೋನದ ಟ್ಯಾಂಜೆಂಟ್‌ನಿಂದ, ಅಂದರೆ 3.2ರಿಂದ, ಭಾಗಿಸಿದರೆ ಒಂದೂಕಾಲು ಅಡಿ. ಬರೀ 15 ಅಂಗುಲದ ಸಜ್ಜಾ ಇಡೀ ದಿನಕ್ಕೆ ಸಾಕು. ಅಲ್ಲಿಂದ ಮುಂದೆ ಸೆಪ್ಟೆಂಬರ್ 23ರವರೆಗೆ ಸೂರ್ಯ ಇನ್ನೂ ಉತ್ತರಕ್ಕೇ ವಾಲಿರುವುದರಿಂದ ಬೇಕಾದದ್ದು ಅದಕ್ಕಿಂತ ಕಡಿಮೆ.

ಹಾಗಾದರೆ 15 ಅಂಗುಲವೇ ಹಾಕಬಹುದಲ್ಲ? ಕಲಬುರಗಿಯ ಬಿಸಿಲು ಮಾರ್ಚ್ 21ಕ್ಕೆ ಕಾಯುವುದಿಲ್ಲ, ಶಿವರಾತ್ರಿಯ ಹೊತ್ತಿಗೇ ಚುರುಗುಟ್ಟಲು ತೊಡಗುತ್ತದೆ. ಫೆಬ್ರವರಿ 20ಕ್ಕೆ ನಡುಹಗಲ ಸೂರ್ಯ ಸುಮಾರು 62 ಡಿಗ್ರಿಯಲ್ಲಿರುತ್ತಾನೆ. ಆಗ 15 ಅಂಗುಲದ ಸಜ್ಜಾ ಕಾಯುವುದು ಕಿಟಕಿಯ 2.3 ಅಡಿಯನ್ನು ಮಾತ್ರ. 2 ಅಡಿಯದ್ದು 3.7 ಅಡಿಯನ್ನು ಕಾಯುತ್ತದೆ. ಡಿಸೆಂಬರ್ 21ಕ್ಕೆ ಸೂರ್ಯ 49 ಡಿಗ್ರಿಗೆ ಇಳಿದಾಗ ಅದೇ 2 ಅಡಿಯ ಸಜ್ಜಾ ಕೆಳಗಿನ 1.7 ಅಡಿಯಷ್ಟು ಬಿಸಿಲನ್ನು ಒಳಗೆ ಬಿಡುತ್ತದೆ. ಚಳಿಗಾಲದ ಬೆಳಗಿಗೆ ಅದು ಯಾರಿಗೂ ಬೇಡವಾಗುವುದಿಲ್ಲ. ಅಂದರೆ ಗೌಂಡಿಯ 2 ಅಡಿ ದಕ್ಷಿಣದ ಗೋಡೆಗೆ ಹೇಳಿ ಮಾಡಿಸಿದ ಅಳತೆ. ತಪ್ಪು ಇರುವುದು ಅದನ್ನೇ ಸುತ್ತಲೂ ಎಳೆದದ್ದರಲ್ಲಿ.

ದಕ್ಷಿಣದಲ್ಲೂ ಒಂದು ಎಚ್ಚರಿಕೆ ಬೇಕು. ಕಿಟಕಿಯ ಅಗಲಕ್ಕೆ ಸರಿಯಾಗಿ ಕತ್ತರಿಸಿದ ಸಜ್ಜಾ ನಡುಹಗಲಿಗಷ್ಟೇ ಸರಿ. ಮಾರ್ಚ್ 21ರಂದು ಸೂರ್ಯನ ಗಂಟೆ 2 ಆಗುವಾಗ ಬಿಸಿಲು ಎಷ್ಟು ಓರೆಯೆಂದರೆ, 15 ಅಂಗುಲ ಚಾಚಿದ ಸಜ್ಜಾದ ನೆರಳು ಪಕ್ಕಕ್ಕೆ 2.4 ಅಡಿ ಸರಿದಿರುತ್ತದೆ. ಹಾಗಾಗಿ ಕಿಟಕಿಯ ಒಂದು ಬದಿಯಲ್ಲಿ ಮುಕ್ಕೋನಾಕಾರದ ಬಿಸಿಲು ನುಸುಳುತ್ತದೆ. ಸಜ್ಜಾವನ್ನು ಗೋಡೆಯುದ್ದಕ್ಕೂ ಎಳೆಯಬೇಕು, ಇಲ್ಲವೇ ಕಿಟಕಿಯ ಎರಡೂ ಬದಿಗೆ ಶಹಾಬಾದ್ ಕಲ್ಲಿನ ಚಪ್ಪಡಿಯನ್ನು ನಿಲ್ಲಿಸಬೇಕು. ಆ ಕಲ್ಲು ಜಿಲ್ಲೆಯಲ್ಲೇ ಸಿಗುತ್ತದೆ, ಒಂದೂವರೆ ಅಂಗುಲ ದಪ್ಪದ ಚಪ್ಪಡಿ ಗೋಡೆಗೆ ಹೂತು ನಿಲ್ಲುತ್ತದೆ. ಇನ್ನೊಂದು ಮಾತು: ಇಡೀ ದಿನ ಒಂದೇ ಕೋನ ಎಂಬ ಅನುಕೂಲ ಗೋಡೆ ನೇರ ದಕ್ಷಿಣಕ್ಕಿದ್ದರೆ ಮಾತ್ರ. ಗೋಡೆ ಪಶ್ಚಿಮದ ಕಡೆ ತಿರುಗಿದಷ್ಟೂ ಅದು ಮಧ್ಯಾಹ್ನದ ಇಳಿ ಬಿಸಿಲಿಗೆ ಎದೆಯೊಡ್ಡುತ್ತ ಹೋಗುತ್ತದೆ.

ನಕ್ಷೆಯಲ್ಲಿ ಪಶ್ಚಿಮದ ಗೋಡೆಯ ಪಾಲಿನ ಆಕಾಶವನ್ನು ಬೇರ್ಪಡಿಸಿ ನೋಡಿದರೆ ತೊಂದರೆ ಕಣ್ಣಿಗೇ ಕಾಣುತ್ತದೆ. ವೃತ್ತದ ನಡುವೆ ಉತ್ತರ-ದಕ್ಷಿಣವಾಗಿ ಒಂದು ಗೆರೆ ಎಳೆಯಬೇಕು. ಎಡಗಡೆಯ ಅರ್ಧವೇ ಪಶ್ಚಿಮದ ಗೋಡೆ ನೋಡುವ ಆಕಾಶ. ಬೇಸಿಗೆಯ ಮೂರೂ ತಿಂಗಳ ಬಿಲ್ಲುಗಳು ಆ ಅರ್ಧದೊಳಗೆ ನಡುವಿನಿಂದ ಅಂಚಿನ ಕಡೆಗೆ, ಪಶ್ಚಿಮಕ್ಕೆ ಗುರಿಯಿಟ್ಟಂತೆ, ಒಂದರ ಪಕ್ಕ ಒಂದು ಓಡುತ್ತವೆ. ಸೂರ್ಯ ಎಲ್ಲೂ ಪಕ್ಕಕ್ಕೆ ತಪ್ಪಿಸಿಕೊಳ್ಳುವುದಿಲ್ಲ. ಮಾರ್ಚ್ 21ರಂದು 3 ಗಂಟೆಗೆ ಪಶ್ಚಿಮದಿಂದ 17 ಡಿಗ್ರಿ ದಕ್ಷಿಣಕ್ಕಿದ್ದವನು ಮೇ ತಿಂಗಳಲ್ಲಿ 5 ಗಂಟೆಗೆ 13 ಡಿಗ್ರಿ ಉತ್ತರಕ್ಕಿರುತ್ತಾನೆ, ಅಷ್ಟೇ ಅಂತರ. ಅಂಥ ಬಿಸಿಲು ಗಾಜಿನ ಮೇಲೆ ಹತ್ತಿರ ಹತ್ತಿರ ನೆಟ್ಟಗೆ ಬೀಳುತ್ತದೆ. ಮೇ 8ರ ಸಂಜೆ 4ಕ್ಕೆ ಪಶ್ಚಿಮದ ಗೋಡೆಗೆ ನೇರ ಬಿಸಿಲಿನ ನೂರರಲ್ಲಿ 83 ಪಾಲು ತಗಲುತ್ತದೆ. ಮಾರ್ಚ್ 21ರ ನಡುಹಗಲಿಗೆ ದಕ್ಷಿಣದ ಗೋಡೆಗೆ ತಗಲುವುದು 30 ಪಾಲು. ಸಾಧಾರಣ ಗಾಜು ಹೀಗೆ ಬಿದ್ದ ಬಿಸಿಲಿನ ಶಾಖದಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚನ್ನು ಒಳಗೆ ಬಿಟ್ಟುಕೊಡುತ್ತದೆ. ಒಳಗಡೆ ಪರದೆ ಎಳೆದರೆ ಕಣ್ಣಿಗೆ ತಂಪಾಗುತ್ತದೆ, ಕೋಣೆಗೆ ಅಷ್ಟಾಗಿ ಆಗುವುದಿಲ್ಲ; ಗಾಜು ದಾಟಿದ ಶಾಖ ಪರದೆಯನ್ನು ಕಾಯಿಸಿ ಕೋಣೆಯಲ್ಲೇ ಉಳಿಯುತ್ತದೆ. ತಡೆಯುವುದಿದ್ದರೆ ಗಾಜಿನ ಹೊರಗೇ ತಡೆಯಬೇಕು.

ಪೂರ್ವದ ಗೋಡೆಗೂ ಇದೇ ಜ್ಯಾಮಿತಿ, ಕನ್ನಡಿಯಲ್ಲಿ ತಿರುಗಿಸಿದಂತೆ. ಆದರೆ ಬೆಳಗಿನ 8ಕ್ಕೆ ಗಾಳಿಯೂ ಗೋಡೆಯೂ ರಾತ್ರಿಯ ತಂಪನ್ನು ಇನ್ನೂ ಉಳಿಸಿಕೊಂಡಿರುತ್ತವೆ. ಸಂಜೆ 4ಕ್ಕೆ ಹೊರಗೆ 40 ಡಿಗ್ರಿ ದಾಟಿ, ತಾರಸಿ ಕಾದು, ಮನೆ ಆಗಲೇ ಬೆಂದಿರುತ್ತದೆ. ಅದರ ಮೇಲೆ ಪಶ್ಚಿಮದ ಬಿಸಿಲು. ಸೂರ್ಯಪಥ ನಕ್ಷೆ ಈ ಭೇದವನ್ನು ತಾನಾಗಿ ಹೇಳುವುದಿಲ್ಲ, ಅದಕ್ಕೆ ಗೊತ್ತಿರುವುದು ಕೋನಗಳು ಮಾತ್ರ. ಏಪ್ರಿಲ್ 21 ಮತ್ತು ಆಗಸ್ಟ್ 21 ಅದಕ್ಕೆ ಒಂದೇ ಗೆರೆ. ಏಪ್ರಿಲ್‌ನಲ್ಲಿ ಕಾದ ಹಂಚಿನಂಥ ಆಕಾಶ, ಆಗಸ್ಟ್‌ನಲ್ಲಿ ಮೋಡ ಮುಸುಕಿದ ಆಕಾಶ. ಎರಡಕ್ಕೂ ಸೂರ್ಯ ಒಂದೇ ದಾರಿಯಲ್ಲಿ ನಡೆಯುತ್ತಾನೆ. ಆದ್ದರಿಂದ ನಕ್ಷೆಯ ಮೇಲೆ ಊರಿನ ಬಿಸಿಯ ಹೊತ್ತನ್ನು ಪೆನ್ಸಿಲ್ಲಿನಲ್ಲಿ ಗುರುತಿಸಿಕೊಳ್ಳುವುದು ಮೊದಲ ಕೆಲಸ. ಕಲಬುರಗಿಗಾದರೆ ಫೆಬ್ರವರಿ ಕೊನೆಯಿಂದ ಜೂನ್ ಮೊದಲ ವಾರದವರೆಗೆ, ಬೆಳಿಗ್ಗೆ 10ರಿಂದ ಸಂಜೆ 6ರವರೆಗಿನ ಭಾಗಕ್ಕೆ ಬಣ್ಣ ಬಳಿದರೆ ತಪ್ಪಾಗದು. ನೆರಳು ಆ ಬಣ್ಣದ ಭಾಗವನ್ನು ಮುಚ್ಚಿದರೆ ಗೆದ್ದಂತೆ.

ಹೀಗೆ ನಕ್ಷೆಯ ಮೇಲೆ ನೆರಳನ್ನು ಹಾಸಿ ನೋಡುವ ಪದ್ಧತಿಗೂ ಕರ್ನಾಟಕಕ್ಕೂ ಹಳೆಯ ನಂಟಿದೆ. ನಾಜಿ ಆಳ್ವಿಕೆಯಿಂದ ಜರ್ಮನಿ ತೊರೆದ ಆಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬೆಂಗಳೂರಿಗೆ ಬಂದರು. ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಕಟ್ಟಡಗಳು ಅವರವೇ. ಮುಂದೆ ಲಂಡನ್ನಿನಲ್ಲಿ ಉಷ್ಣವಲಯದ ವಾಸ್ತುಶಿಲ್ಪ ಕಲಿಸುತ್ತಿದ್ದಾಗ ಅವರು ಸಹಲೇಖಕರೊಂದಿಗೆ 1970ರ ದಶಕದಲ್ಲಿ ತಂದ ‘ಮ್ಯಾನ್ಯುವಲ್ ಆಫ್ ಟ್ರಾಪಿಕಲ್ ಹೌಸಿಂಗ್ ಅಂಡ್ ಬಿಲ್ಡಿಂಗ್’ ಎಂಬ ಪುಸ್ತಕ ಈಗಲೂ ವಾಸ್ತುಶಿಲ್ಪದ ವಿದ್ಯಾರ್ಥಿಗಳ ಕೈಯಲ್ಲಿದೆ. ನಕ್ಷೆಯ ಮೇಲೆ ಪಾರದರ್ಶಕ ಹಾಳೆಯ ಕೋನಮಾಪಕವನ್ನು ಇಟ್ಟು, ಗೋಡೆಯ ದಿಕ್ಕಿಗೆ ತಿರುಗಿಸಿ, ಸಜ್ಜಾದ ನೆರಳು ಎಷ್ಟು ಆಕಾಶವನ್ನು ಮರೆಮಾಡುತ್ತದೆ ಎಂದು ಓದುವ ವಿಧಾನ ಅದರಲ್ಲಿದೆ. ಈಗ ಅಂತರ್ಜಾಲದಲ್ಲಿ ಅಕ್ಷಾಂಶ, ರೇಖಾಂಶ ಕೊಟ್ಟರೆ ಯಾವ ಊರಿನ ನಕ್ಷೆಯೂ ಬಿಟ್ಟಿಯಾಗಿ ಸಿಗುತ್ತದೆ. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದವರು ಬಹಳ ವರ್ಷಗಳಿಂದ ಅಂಥದ್ದೊಂದನ್ನು ನಡೆಸುತ್ತಿದ್ದಾರೆ. ಆದರೂ ಟ್ರೇಸಿಂಗ್ ಹಾಳೆಯನ್ನು ಕೈಯಿಂದ ತಿರುಗಿಸಿ ನೋಡಿದವರಿಗೆ ಸಿಗುವ ಅರಿವು ಬೇರೆಯದೇ.

ಮತ್ತೆ ಆ ಪಶ್ಚಿಮಾಭಿಮುಖ ಮನೆಗೆ ಬರೋಣ. 30 ಅಡಿ ಅಗಲ, 40 ಅಡಿ ಉದ್ದದ ಸೈಟು, ಮುಂದೆ 30 ಅಡಿಯ ರಸ್ತೆ. ಇನ್ನೂ ಕಟ್ಟಿಲ್ಲ ಎಂದಿಟ್ಟುಕೊಳ್ಳಿ. ಮೊದಲು ನೋಡಬೇಕಾದದ್ದು ಸುತ್ತಲಿನ ಮನೆಗಳನ್ನು, ಏಕೆಂದರೆ ಅವೂ ಸಜ್ಜಾಗಳೇ. ದಕ್ಷಿಣದ ನೆರೆಮನೆ 24 ಅಡಿ ಎತ್ತರವಿದ್ದು ಎರಡು ಗೋಡೆಗಳ ನಡುವೆ 7 ಅಡಿ ಜಾಗವಿದೆ ಎಂದುಕೊಳ್ಳೋಣ. ನೆಲಮಹಡಿಯ ಕಿಟಕಿಯ ತಳದಲ್ಲಿ ನಿಂತು ನೋಡಿದರೆ ಆ ಮನೆಯ ನೆತ್ತಿ 72 ಡಿಗ್ರಿ ಎತ್ತರದಲ್ಲಿ ಕಾಣುತ್ತದೆ. ಮಾರ್ಚ್ 21ರ ಸೂರ್ಯ ಏರುವುದೇ 72.7ಕ್ಕೆ. ಅಂದರೆ ಇಡೀ ಚಳಿಗಾಲ ಆ ಕಿಟಕಿಗೆ ನೆರೆಮನೆಯೇ ನೆರಳು. ಅಲ್ಲಿ 2 ಅಡಿಯ ಕಾಂಕ್ರೀಟ್ ಬೇಕಾಗಿಲ್ಲ, ಮಾರ್ಚ್ 21ಕ್ಕೆ ಲೆಕ್ಕ ಹಾಕಿದ ಒಂದೂಕಾಲು ಅಡಿಯೇ ಸಾಲುತ್ತದೆ. ಉಳಿದ ಹಣ ಪಶ್ಚಿಮಕ್ಕೆ ಹೋಗಲಿ.

ಪಶ್ಚಿಮದಲ್ಲಿ ರಸ್ತೆಯಾಚೆಯ ಮನೆಯೂ 24 ಅಡಿ ಎತ್ತರದ್ದೇ ಇದ್ದು, ಎರಡು ಮನೆಗಳ ಮುಂದೆಯೂ ಐದೈದು ಅಡಿ ಬಿಟ್ಟಿದ್ದರೆ ನಡುವಿನ ದೂರ 40 ಅಡಿ. ಕಿಟಕಿಯ ನಡುವಿನಿಂದ ಅದರ ನೆತ್ತಿ 25 ಡಿಗ್ರಿಯಲ್ಲಿ ಕಾಣುತ್ತದೆ. ಮೇ 8ರ ಬಿಲ್ಲಿನ ಮೇಲೆ ಸೂರ್ಯ 25 ಡಿಗ್ರಿಗೆ ಇಳಿಯುವುದು ಗಡಿಯಾರದ 4 ಗಂಟೆ 55 ನಿಮಿಷದ ಸುಮಾರಿಗೆ. ಅಲ್ಲಿಂದಾಚೆ ಎದುರು ಮನೆ ಬಿಸಿಲನ್ನು ತಾನೇ ನುಂಗಿಕೊಳ್ಳುತ್ತದೆ. ಹಾಗಾಗಿ ನೆಲಮಹಡಿಯ ಪಶ್ಚಿಮದ ಕಿಟಕಿಗೆ ಬೇಕಾದ ರಕ್ಷಣೆ ಸಂಜೆ 5ರವರೆಗಿನದು. ಎದುರಿಗೆ ಖಾಲಿ ಸೈಟು ಇದ್ದರೆ ಈ ರಿಯಾಯಿತಿ ಇಲ್ಲ. ಮೊದಲ ಮಹಡಿಗಂತೂ ಇಲ್ಲವೇ ಇಲ್ಲ; ಅಲ್ಲಿಂದ ಎದುರು ಮನೆಯ ನೆತ್ತಿ ಬಹಳ ತಗ್ಗಿನಲ್ಲಿ ಕಾಣುವುದರಿಂದ ಬಿಸಿಲು ಇನ್ನೂ ಬಹಳ ಹೊತ್ತು ಬಿಡುವುದಿಲ್ಲ. ಮಹಡಿಯ ಮಲಗುವ ಕೋಣೆ ಪಶ್ಚಿಮಕ್ಕಿದ್ದರೆ ರಾತ್ರಿ 11ಕ್ಕೂ ಗೋಡೆ ಮುಟ್ಟಿದರೆ ಬೆಚ್ಚಗಿರುವುದು ಇದರಿಂದಲೇ.

ನಕ್ಷೆ ಇಷ್ಟು ಹೇಳಿದ ಮೇಲೆ ಪ್ಲಾನು ತಾನಾಗಿ ಬದಲಾಗುತ್ತದೆ. ಮೆಟ್ಟಿಲು, ಬಚ್ಚಲು, ಸಾಮಾನಿನ ಕೋಣೆ ಪಶ್ಚಿಮದ ಗೋಡೆಗೆ ಸರಿಯುತ್ತವೆ. ಯಾರೂ ಸಂಜೆಯೆಲ್ಲ ಕೂರದ ಜಾಗಗಳು ಬಿಸಿಲಿಗೆ ಅಡ್ಡ ನಿಲ್ಲುತ್ತವೆ. ಹಾಲ್‌ನ ದೊಡ್ಡ ಕಿಟಕಿ ಉತ್ತರದ ಗೋಡೆಗೆ ಹೋಗುತ್ತದೆ. ರಸ್ತೆ ಕಾಣಬೇಕು, ಬಂದವರು ಯಾರೆಂದು ತಿಳಿಯಬೇಕು ಎಂಬ ಆಸೆ ಮನೆಯವರಿಗೆ ಇದ್ದೇ ಇರುತ್ತದೆ, ಅದು ನ್ಯಾಯವೂ ಹೌದು. ಅದಕ್ಕಾಗಿ ಪಶ್ಚಿಮಕ್ಕೆ ಒಂದು ಕಿರಿದಾದ ಕಿಟಕಿ ಉಳಿಸಿಕೊಂಡು, ಅದರ ಹೊರಗೆ ನಿಂತ ಪಟ್ಟಿಗಳನ್ನು ಕೊಡಬಹುದು.

ಆ ಪಟ್ಟಿಗಳಲ್ಲಿ ಬಹಳ ಮನೆಗಳು ಎಡವಿವೆ. ಗೋಡೆಗೆ ನೇರವಾಗಿ, ಪುಸ್ತಕಗಳನ್ನು ಸಾಲಾಗಿ ನಿಲ್ಲಿಸಿದಂತೆ, ಪಟ್ಟಿಗಳನ್ನು ನಿಲ್ಲಿಸಿದರೆ ಪಶ್ಚಿಮದಲ್ಲಿ ಅವು ಅಲಂಕಾರಕ್ಕಷ್ಟೇ. ಬೇಸಿಗೆಯ ಸೂರ್ಯ ಎದುರಿನಿಂದಲೇ ಬರುತ್ತಾನಾದ್ದರಿಂದ ಅವುಗಳ ನಡುವಿನಿಂದ ನೇರ ಒಳಗೆ ನಡೆದುಬರುತ್ತಾನೆ. ಪಟ್ಟಿಗಳು ಓರೆಯಾಗಿರಬೇಕು. ಅಹಮದಾಬಾದಿನಲ್ಲಿ ಲೆ ಕಾರ್ಬೂಸಿಯೆ ಕಟ್ಟಿದ ಮಿಲ್ ಮಾಲೀಕರ ಸಂಘದ ಕಟ್ಟಡ ಇದಕ್ಕೆ ಕಣ್ಣೆದುರಿನ ಪಾಠ. 1954ರಲ್ಲಿ ಮುಗಿದ ಆ ಕಟ್ಟಡದ ಪೂರ್ವದಲ್ಲಿ ಸಾಬರಮತಿ ನದಿ, ಪಶ್ಚಿಮದಲ್ಲಿ ರಸ್ತೆ. ನದಿಯ ಕಡೆಯ ಕಾಂಕ್ರೀಟ್ ಪಟ್ಟಿಗಳು ಗೋಡೆಗೆ ನೇರ ನಿಂತು ನೀರನ್ನೂ ಬೆಳಗನ್ನೂ ನೋಡಲು ಬಿಡುತ್ತವೆ. ರಸ್ತೆಯ ಕಡೆಯವು ಓರೆಯಾಗಿ ತಿರುಗಿ ಸಂಜೆಯ ಬಿಸಿಲಿಗೆ ಬೆನ್ನು ಕೊಟ್ಟಿವೆ.

ಕಲಬುರಗಿಯ ಆ ಕಿರಿದಾದ ಕಿಟಕಿಗೆ ಲೆಕ್ಕ ಹೀಗೆ. ಪಟ್ಟಿಗಳ ಹೊರತುದಿ ಉತ್ತರದ ಕಡೆಗೆ 45 ಡಿಗ್ರಿ ವಾಲಿರಲಿ, ಗೋಡೆಯಿಂದ ಹೊರಕ್ಕೆ 6 ಅಂಗುಲ ಚಾಚಿರಲಿ, ಒಂದರಿಂದೊಂದಕ್ಕೆ 4 ಅಂಗುಲ ಅಂತರವಿರಲಿ. ಹಾಗಿದ್ದರೆ ನೇರ ಪಶ್ಚಿಮದಿಂದ ಬರುವ ಬಿಸಿಲೂ, ಅದರ ದಕ್ಷಿಣದಿಂದ ಬರುವುದೂ, ಉತ್ತರಕ್ಕೆ 18 ಡಿಗ್ರಿಯವರೆಗೆ ಸರಿದು ಬರುವುದೂ ಪಟ್ಟಿಗೆ ಬಡಿದು ನಿಲ್ಲುತ್ತದೆ. ಮೇ ಕೊನೆಯಲ್ಲಿ 5 ಗಂಟೆ 20ಕ್ಕೂ ಸೂರ್ಯ ಉತ್ತರಕ್ಕೆ ಸರಿದಿರುವುದು ಸುಮಾರು 17 ಡಿಗ್ರಿ, ಹಾಗಾಗಿ ಬೇಸಿಗೆ ಪೂರ್ತಿ ಕವಚ ಸಿಕ್ಕಿತು. ಅಂತರವನ್ನು ಹಣ ಉಳಿಸಲೆಂದು 6 ಅಂಗುಲಕ್ಕೆ ಏರಿಸಿದರೆ ಲೆಕ್ಕ ಅಲ್ಲಿಗೇ ಮುಗಿಯಿತು: ಸೂರ್ಯ ಪಶ್ಚಿಮ ದಾಟಿ ಒಂದು ಡಿಗ್ರಿ ಉತ್ತರಕ್ಕೆ ಸರಿದರೂ ಸಂದಿನಲ್ಲಿ ಬಿಸಿಲ ಗೆರೆ ಮೂಡುತ್ತದೆ. ಬಾಗಿಲ ಬಳಿ ಬಂದವರು ಕಾಣಬೇಕೆಂದರೆ ಕಿಟಕಿ ಬಾಗಿಲಿನ ದಕ್ಷಿಣಕ್ಕಿರಬೇಕು, ಏಕೆಂದರೆ ಇಂಥ ಪಟ್ಟಿಗಳ ಹಿಂದಿನಿಂದ ನೋಟ ಹೋಗುವುದು ವಾಯವ್ಯಕ್ಕೆ.

ಉತ್ತರದ ದೊಡ್ಡ ಕಿಟಕಿಗೂ ಬಿಸಿಲು ಬರುತ್ತದೆ, ಮಾರ್ಚ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ, ಮುಖ್ಯವಾಗಿ ಬೆಳಿಗ್ಗೆ ಮತ್ತು ಸಂಜೆ. ಆದರೆ ಅದು ಗೋಡೆಯನ್ನು ಸವರಿಕೊಂಡು ಹೋಗುವ ಬಿಸಿಲು. ಅತಿ ಉತ್ತರಕ್ಕೆ ಸರಿದ ಜೂನ್ 21ರಂದೂ ಸೂರ್ಯನ ಗಂಟೆ 4ಕ್ಕೆ 2 ಅಡಿಯ ಸಜ್ಜಾ 4 ಅಡಿಯ ಕಿಟಕಿಯ ಎತ್ತರಕ್ಕೆ ಪೂರ್ತಿ ಸಾಕಾಗುತ್ತದೆ. ಓರೆ ಬಿಸಿಲು ಪಕ್ಕದಿಂದ ನುಸುಳದಂತೆ ಕಿಟಕಿಯ ಪಶ್ಚಿಮ ಬದಿಗೆ 15 ಅಂಗುಲದ ಒಂದು ಕಲ್ಲಿನ ರೆಕ್ಕೆ ನಿಲ್ಲಿಸಿದರೆ 4 ಅಡಿ ಅಗಲದ ಕಿಟಕಿಗೆ ನೆರಳು ಸಿಗುತ್ತದೆ. ಪಶ್ಚಿಮದಲ್ಲಿ 6 ಅಡಿಯ ಸಜ್ಜಾ ಬೇಕಿದ್ದ ಕೆಲಸವನ್ನು ಇಲ್ಲಿ 2 ಅಡಿಯ ಸಜ್ಜಾವೂ ಒಂದು ಚಪ್ಪಡಿಯೂ ಸೇರಿ ಮಾಡುತ್ತವೆ.

ಈ ಲೆಕ್ಕವೆಲ್ಲ ಕೆಡುವುದು ದಿಕ್ಕು ತಪ್ಪಿದಾಗ. ಬಡಾವಣೆಯ ನಕ್ಷೆಯಲ್ಲಿ ‘ಪಶ್ಚಿಮ’ ಎಂದು ಬರೆದ ರಸ್ತೆ ನಿಜಕ್ಕೂ 20 ಡಿಗ್ರಿ ತಿರುಗಿರಬಹುದು. ಫೋನಿನ ದಿಕ್ಸೂಚಿ ಕಬ್ಬಿಣದ ಸರಳುಗಳ ಹತ್ತಿರ ಸುಳ್ಳು ಹೇಳುತ್ತದೆ. ಕೋಲಿನ ನೆರಳು ಮಾತ್ರ ಹೇಳುವುದಿಲ್ಲ. ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ನಿಜವಾದ ನಡುಹಗಲಿಗೆ ಬೀಳುವ ಗೆರೆಯೇ ಉತ್ತರ-ದಕ್ಷಿಣ. ಕಲಬುರಗಿಯಲ್ಲಿ ಡಿಸೆಂಬರ್ 21ರಂದು 12 ಗಂಟೆ 21 ನಿಮಿಷಕ್ಕೆ ನೋಡಿದರೆ ನೆರಳು ಉದ್ದವಾಗಿಯೂ ಚೊಕ್ಕವಾಗಿಯೂ ಸಿಗುತ್ತದೆ. ಮೇ ತಿಂಗಳಲ್ಲಿ ಈ ಕೆಲಸಕ್ಕೆ ಹೋದರೆ ಕೋಲಿನ ಬುಡದಲ್ಲಿ ನೆರಳೇ ಇರುವುದಿಲ್ಲ.

ನಕ್ಷೆಯಿಂದ ಆಗದ ಕೆಲಸವೂ ಉಂಟು. ಅದು ನೇರ ಬಿಸಿಲನ್ನಷ್ಟೇ ಕಾಣುತ್ತದೆ. ಎದುರಿನ ಕಾಂಕ್ರೀಟ್ ರಸ್ತೆಯಿಂದ ಪುಟಿದು ಬರುವ ಝಳ ಅದರಲ್ಲಿಲ್ಲ. ತಾರಸಿಯ ಮಾತನ್ನೂ ಅದು ಆಡುವುದಿಲ್ಲ. ನೆತ್ತಿಯ ಮೇಲಿನ ಸೂರ್ಯನಿಗೆ ಇಡೀ ದಿನ ಮೈಯೊಡ್ಡುವ ತಾರಸಿಯನ್ನು ಹಾಗೇ ಬಿಟ್ಟು ಕಿಟಕಿಗಳನ್ನಷ್ಟೇ ಕಾಯ್ದರೆ ಮೇಲಂತಸ್ತು ತಂಪಾಗುವುದಿಲ್ಲ.

ಕಟ್ಟಿ ಮುಗಿದ ಮನೆಯಾಗಿದ್ದರೆ? ಮೊದಲು ಹೇಳಿದ ಹಾಲ್‌ನಲ್ಲಿ ಕುಳಿತವರು ಗೋಡೆ ಒಡೆಯಬೇಕಾಗಿಲ್ಲ. 2 ಅಡಿಯ ಸಜ್ಜಾ ಹೇಗೂ ಇದೆ, ಅದರ ಹೊರ ಅಂಚಿನಿಂದ ಬಿದಿರಿನ ಚಿಕ್ ಇಳಿಬಿಟ್ಟರೆ ಆಯಿತು. ಎಷ್ಟು ಇಳಿಸಬೇಕು ಎಂಬುದಕ್ಕೂ ಅದೇ ಕೋನಗಳು ಉತ್ತರ ಕೊಡುತ್ತವೆ. ಮೇ 8ರ 4 ಗಂಟೆ 20ಕ್ಕೆ ಕಿಟಕಿಯ ತಳವನ್ನು ಮುಟ್ಟುವ ಕಿರಣ, ಗೋಡೆಯಿಂದ 2 ಅಡಿ ಹೊರಗೆ, ನೆಲದಿಂದ 4.3 ಅಡಿ ಎತ್ತರದಲ್ಲಿ ಹಾದು ಬರುತ್ತದೆ. 5 ಗಂಟೆ 20ರ ಕಿರಣ 3.7 ಅಡಿ ಎತ್ತರದಲ್ಲಿ. ಸಜ್ಜಾ ಇರುವುದು 7 ಅಡಿಯಲ್ಲಿ. ಹಾಗಾಗಿ ಚಿಕ್ 3.3 ಅಡಿ ಉದ್ದವಿದ್ದರೆ ಸಾಕು, ಕಿಟಕಿಯ ತಳದವರೆಗೆ ಇಳಿಸಿ ಕತ್ತಲು ಮಾಡಿಕೊಳ್ಳಬೇಕಾಗಿಲ್ಲ. ಅಗಲಕ್ಕೆ ಕಿಟಕಿಗಿಂತ ಎರಡೂ ಬದಿಗೆ ಎಂಟೆಂಟು ಅಂಗುಲ ಹೆಚ್ಚಿರಲಿ, ಮಾರ್ಚ್ ತಿಂಗಳ 17 ಡಿಗ್ರಿಯ ಓರೆ ಬಿಸಿಲು ಪಕ್ಕದಿಂದ ಬರುವುದು ಅಷ್ಟರಲ್ಲಿ ತಪ್ಪುತ್ತದೆ. ಚಿಕ್‌ನ ಕೆಳಗೆ ಉಳಿಯುವ ಸಂದಿನಿಂದ ಸೋಫಾದಲ್ಲಿ ಕುಳಿತವರಿಗೆ ಗೇಟೂ, ಅದರಾಚೆಯ ರಸ್ತೆಯ ತುಂಡೊಂದೂ ಕಾಣುತ್ತಿರುತ್ತದೆ.